ದುಡ್ಡು ಬಂದಿದ್ದರೂ ಶಿಪ್ಪಿಂಗ್ ಬಿಲ್ ಯಾಕೆ ಓಪನ್ ಇರುತ್ತದೆ?

ಪ್ರಶ್ನೆ: ತುಮಕೂರಲ್ಲಿ ಸಣ್ಣ ಟ್ರೇಡಿಂಗ್ ನನ್ನದು. ದುಬೈಗೆ 18,000 ಡಾಲರಿನ ತೆಂಗಿನಕಾಯಿ ಪುಡಿ ಕಳಿಸಿದ್ದೆ. ಮೊದಲು 6,000 ಅಡ್ವಾನ್ಸ್, ಆಮೇಲೆ 11,640 ಬಂತು. ಹರಿದ ಚೀಲಗಳಿಗೆ ಅಂತ ಪಾರ್ಟಿ 320 ಹಿಡಿದುಕೊಂಡಿದ್ದಾರೆ. ಬ್ಯಾಂಕಿನವರು ಬಿಲ್ ಇನ್ನೂ ಓಪನ್ ಇದೆ ಅಂತಾರೆ. ಚೀನಾಕ್ಕೆ ಪ್ಯಾಕಿಂಗ್ ಮಷೀನಿಗೆ ಕೊಟ್ಟ 4,000 ಡಾಲರ್ ಅಡ್ವಾನ್ಸಿಗೂ ಕಾಗದ ಕೇಳ್ತಿದ್ದಾರೆ. ಏನು ಮಾಡೋದು?

ಉತ್ತರ: ದುಡ್ಡು ಖಾತೆಗೆ ಬೀಳುವುದು ಬೇರೆ, ಬಿಲ್ ಕ್ಲೋಸ್ ಆಗುವುದು ಬೇರೆ. ನಿಮ್ಮ ಶಿಪ್ಪಿಂಗ್ ಬಿಲ್ ಕಸ್ಟಮ್ಸ್‌ನಿಂದ ನೇರವಾಗಿ ರಫ್ತಿನ ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ ಆನ್‌ಲೈನ್ ವ್ಯವಸ್ಥೆ ಇಡಿಪಿಎಂಎಸ್‌ಗೆ ಹೋಗುತ್ತದೆ. ಹೊರಗಿನಿಂದ ಬಂದ ಹಣವೂ ಅಲ್ಲೇ ಒಂದು ಎಂಟ್ರಿಯಾಗಿ ಕೂರುತ್ತದೆ. ಇದು ಆ ಬಿಲ್ಲಿನ ಹಣ ಎಂದು ಬ್ಯಾಂಕು ಎರಡನ್ನೂ ಜೋಡಿಸುವವರೆಗೆ ಬಿಲ್ ಬಾಕಿಯೇ. ಜೋಡಿಸಿ ಎಂದು ಬರೆದುಕೊಡಬೇಕಾದವರು ನೀವು.

ಮೊದಲು ಅಡ್ವಾನ್ಸ್ ನೋಡಿ. ಆ ಹಣ ಯಾವ ಪರ್ಪಸ್ ಕೋಡಿನಲ್ಲಿ ಜಮಾ ಆಗಿದೆ ಎಂದು ಕೇಳಿ. ಸರಕಿನ ರಫ್ತಿನ ಅಡ್ವಾನ್ಸಿಗೆ P0103 ಇರಬೇಕು. ಸರ್ವಿಸ್‌ಗೆ ಸೇರಿದ ಕೋಡ್ ಹಾಕಿಬಿಟ್ಟಿದ್ದರೆ ನಿಮ್ಮ ಬಿಲ್ಲಿಗೆ ಜೋಡಿಸಲು ಆ 6,000 ಸಿಗುವುದೇ ಇಲ್ಲ, ಮೊದಲು ಕೋಡ್ ತಿದ್ದಿಸಬೇಕು. ಇನ್ನೊಂದು ತೊಡಕು ಎಡಿ ಕೋಡಿನದು, ಅಂದರೆ ವಿದೇಶಿ ವಿನಿಮಯ ನಡೆಸುವ ಬ್ಯಾಂಕ್ ಶಾಖೆಯ ಗುರುತು ಸಂಖ್ಯೆಯದು. ಶಿಪ್ಪಿಂಗ್ ಬಿಲ್ಲಿನಲ್ಲಿ ಒಂದು ಬ್ಯಾಂಕಿನ ಎಡಿ ಕೋಡ್, ಹಣ ಬಂದದ್ದು ಇನ್ನೊಂದು ಬ್ಯಾಂಕಿಗೆ ಎಂದಾದರೆ, ಬಿಲ್ ಇರುವ ಬ್ಯಾಂಕಿನಲ್ಲಿ ಹಣ ಕಾಣುವುದಿಲ್ಲ. ಹಣ ಪಡೆದ ಬ್ಯಾಂಕಿನಿಂದ ಎಫ್‌ಐಆರ್‌ಸಿ, ಅಂದರೆ ಹೊರದೇಶದಿಂದ ಹಣ ಬಂದದ್ದರ ಪ್ರಮಾಣಪತ್ರ ತರಿಸಿಕೊಡಬೇಕು. ಹೊಸದಾಗಿ ಖಾತೆ ಬದಲಿಸಿದವರಿಗೆ ಬಹುಪಾಲು ಇದೇ ಆಗುವುದು.

ಈಗ ಲೆಕ್ಕ. 6,000 ಮತ್ತು 11,640 ಸೇರಿ 17,640. ಬಾಕಿ 360. ಅದರಲ್ಲಿ 320 ಪಾರ್ಟಿ ಹಿಡಿದದ್ದು, ಉಳಿದ 40 ಎಲ್ಲಿ ಹೋಯಿತು? ಎರಡನೇ ಕಂತಿನ ಸ್ವಿಫ್ಟ್ ಪ್ರತಿಯನ್ನು ಬ್ಯಾಂಕಿನಲ್ಲಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಹೀಗಿದ್ದರೆ ಉತ್ತರ ಸಿಕ್ಕಿತು:

```
:32A: ... USD11640,
:33B: USD11680,
:71A: SHA
:71F: USD40,
```

33B ಪಾರ್ಟಿ ಕಳಿಸಲು ಹೇಳಿದ ಮೊತ್ತ, 32A ನಿಮ್ಮ ಬ್ಯಾಂಕಿಗೆ ತಲುಪಿದ್ದು, 71F ನಡುವಿನ ಬ್ಯಾಂಕುಗಳು ಮುರಿದುಕೊಂಡದ್ದು. ಈ 40 ಡಾಲರನ್ನು ಹೊರದೇಶದ ಬ್ಯಾಂಕ್ ಚಾರ್ಜ್ ಎಂದೇ ತೋರಿಸಿ, 320ರ ಜೊತೆ ಕಲಸಬೇಡಿ.

320 ಮಾತ್ರ ಬೆಲೆ ಇಳಿಕೆ. ಅದಕ್ಕೆ ಪಾರ್ಟಿಯಿಂದ ಇನ್‌ವಾಯ್ಸ್ ನಂಬರ್ ಹಾಕಿದ ಡೆಬಿಟ್ ನೋಟ್ ಬೇಕು, ಚೀಲ ಹರಿದಿದ್ದ ಫೋಟೋ ಅಥವಾ ಇಮೇಲ್ ಇದ್ದರೆ ಅದನ್ನೂ ಸೇರಿಸಿ. ಇನ್‌ವಾಯ್ಸ್ ಮೌಲ್ಯ ಇಷ್ಟಕ್ಕೆ ಇಳಿಸಿ ಎಂದು ಬ್ಯಾಂಕಿಗೆ ಅರ್ಜಿ ಕೊಡಿ. ಇಷ್ಟು ಸಣ್ಣ ಮೊತ್ತವನ್ನು ಒಪ್ಪುವ ಅಧಿಕಾರ ಬ್ಯಾಂಕಿಗೇ ಇದೆ. ಡ್ರಾಬ್ಯಾಕ್‌ನಂಥ ಸೌಲಭ್ಯ ಪಡೆದಿದ್ದರೆ ಆ 320ರ ಪಾಲು ವಾಪಸ್ ಕಟ್ಟಬೇಕಾಗುತ್ತದೆ. ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆಯಿರಿ: ಶಿಪ್ಪಿಂಗ್ ಬಿಲ್ ನಂಬರ್, ದಿನಾಂಕ, ಪೋರ್ಟ್ ಕೋಡ್, ಎರಡು ಕಂತಿನ ರೆಫರೆನ್ಸ್ ನಂಬರ್, ಕೊನೆಗೆ ಮೊತ್ತ 18,000ಕ್ಕೆ ತಾಳೆಯಾಗುವಂತೆ.

ರಫ್ತಿನ ಹಣ ತರಿಸಿಕೊಳ್ಳುವ ಗಡುವನ್ನು 2025ರ ನವೆಂಬರ್‌ನಲ್ಲಿ 9 ತಿಂಗಳಿಂದ 15 ತಿಂಗಳಿಗೆ ಏರಿಸಲಾಗಿದೆ. ಹಾಗೆಂದು ಈ ಪತ್ರವನ್ನು ಮುಂದಕ್ಕೆ ಹಾಕಬೇಡಿ, ಡೆಬಿಟ್ ನೋಟ್ ಕೊಡಲು ಪಾರ್ಟಿ ತಡಮಾಡುತ್ತಾ ಹೋಗುತ್ತಾರೆ.

ಮಷೀನಿನ ವಿಷಯಕ್ಕೆ ಬಂದರೆ, ಅಲ್ಲಿರುವುದು ಐಡಿಪಿಎಂಎಸ್, ಆಮದಿನ ಲೆಕ್ಕ ಇಡುವ ಅಂಥದೇ ವ್ಯವಸ್ಥೆ. ನೀವು ಕಳಿಸಿದ ಹಣ ಮೊದಲು ಎಂಟ್ರಿಯಾಗಿದೆ, ಸರಕು ಬಂದಿದ್ದಕ್ಕೆ ಕಸ್ಟಮ್ಸ್ ದಾಖಲೆಯಾದ ಬಿಲ್ ಆಫ್ ಎಂಟ್ರಿ ಅದಕ್ಕೆ ಜೋಡಣೆಯಾಗಬೇಕು. ಇಲ್ಲೊಂದು ಅನುಕೂಲ ಇದೆ. 2025ರ ಅಕ್ಟೋಬರ್‌ನಿಂದ, ಒಂದು ಬಿಲ್ ಅಥವಾ ಎಂಟ್ರಿ 10 ಲಕ್ಷ ರೂಪಾಯಿ ಮೀರದಿದ್ದರೆ ನಿಮ್ಮ ಘೋಷಣಾ ಪತ್ರದ ಮೇಲೆಯೇ ಬ್ಯಾಂಕು ಅದನ್ನು ಕ್ಲೋಸ್ ಮಾಡಬಹುದು. 4,000 ಡಾಲರ್ ಇದರೊಳಗೆ ಬರುತ್ತದೆ, 18,000ದ ಬಿಲ್ ಬರುವುದಿಲ್ಲ. ಅದಕ್ಕೇ ಮೇಲಿನ ಕಾಗದಗಳೆಲ್ಲ ಬೇಕಾದದ್ದು. ಮಷೀನ್ ಇನ್ನೂ ಬಂದೇ ಇಲ್ಲವೆಂದರೆ ಬಂದಿದೆ ಎಂದು ಬರೆದುಕೊಡಬೇಡಿ. ತಡವಾದ ಕಾರಣ ತೋರಿಸುವ ಮಾರಾಟಗಾರನ ಪತ್ರದೊಂದಿಗೆ ಅವಧಿ ವಿಸ್ತರಣೆ ಕೇಳಿ. ಕೊರಿಯರ್‌ನಲ್ಲಿ ಬಂದಿದ್ದರೆ ಕೊರಿಯರ್ ಕಂಪನಿಯಿಂದಲೇ ಬಿಲ್ ಆಫ್ ಎಂಟ್ರಿ ಪ್ರತಿ ತರಿಸಿ, ಅದರಲ್ಲಿ ನಿಮ್ಮ ಐಇಸಿ ನಂಬರ್ ಸರಿಯಾಗಿದೆಯಾ ನೋಡಿಯೇ ಬ್ಯಾಂಕಿಗೆ ಕೊಡಿ.