ಸ್ಪಾಂಜು, ಒರೆಸುವ ಬಟ್ಟೆಯ ನಾತ

“ಪಾತ್ರೆ ತೊಳೆಯುವ ಸ್ಪಾಂಜನ್ನು ದಿನಾ ಸೋಪಿನಲ್ಲಿ ಹಿಂಡಿ ಇಡುತ್ತೇನೆ. ಆದ್ರೂ ಮಾರನೇ ದಿನ ನಾತ. ಕಟ್ಟೆ ಒರೆಸುವ ಬಟ್ಟೆಯೂ ಅಷ್ಟೇ. ಏನು ಮಾಡಲಿ?”

ಬಹುಶಃ ಅದು ರಾತ್ರಿಯಿಡೀ ಒಣಗುತ್ತಿಲ್ಲ. ಸೋಪಿನ ಡಬ್ಬಿಯಲ್ಲೇ ಇಡುತ್ತೀರಾ? ಹಾಗಿದ್ದರೆ ಅದೇ ಕಾರಣ. ಒಳಗೆ ಉಳಿದ ಜಿಡ್ಡು, ಅನ್ನದ ಅಗುಳು, ಜೊತೆಗೆ ತೇವ. ನಾತ ಬರಿಸುವ ಬ್ಯಾಕ್ಟೀರಿಯಾ ಬೆಳೆಯಲು ಇಷ್ಟು ಸಾಕು. ಸೋಪು ಜಿಡ್ಡು ತೆಗೆಯುತ್ತದೆ, ಒಳಗಿನದನ್ನೆಲ್ಲ ಕೊಲ್ಲುವುದಿಲ್ಲ.

ಮೊದಲು ಬಿಸಿನೀರು, ಸೋಪು ಹಾಕಿ ಜಿಡ್ಡು ಹೋಗುವವರೆಗೆ ಹಿಂಡಿ. ಇದನ್ನು ಬಿಟ್ಟು ನೇರ ಕುದಿಸಿದರೆ ನಾತ ಪೂರ್ತಿ ಹೋಗುವುದಿಲ್ಲ.

ಆಮೇಲೆ ಹತ್ತಿ ಬಟ್ಟೆಯನ್ನು ಹಳೇ ಪಾತ್ರೆಯಲ್ಲಿ ಮುಳುಗುವಷ್ಟು ನೀರು, ಒಂದು ಚಮಚ ವಾಷಿಂಗ್ ಸೋಡಾ ಹಾಕಿ 10 ನಿಮಿಷ ಕುದಿಸಿ. ಸ್ಟೀಲ್ ಸ್ಕ್ರಬ್ಬರ್‌ಗೆ ಬರೀ ನೀರಿನಲ್ಲಿ 5 ನಿಮಿಷ ಸಾಕು. ಸ್ಪಾಂಜಿಗೆ ಮೈಕ್ರೋವೇವ್ ಇದ್ದರೆ ಸುಲಭ: ನೀರು ತೊಟ್ಟಿಕ್ಕುವಷ್ಟು ನೆನೆಸಿ 1 ನಿಮಿಷ ಇಡಿ. ಒಣ ಸ್ಪಾಂಜು ಹೊತ್ತಿಕೊಳ್ಳಬಹುದು, ಹುಷಾರು. ಲೋಹದ ಎಳೆ ಇರುವುದನ್ನು ಒಳಗೆ ಇಡಲೇಬೇಡಿ. ತೆಗೆಯುವಾಗ ಕೈ ಸುಡುತ್ತದೆ, ಸ್ವಲ್ಪ ಆರಲಿ.

ಕೊನೆಗೆ ಒಣಗಿಸುವುದು. ನನ್ನ ಪ್ರಕಾರ ಅರ್ಧ ಕೆಲಸ ಇದೇ. ಬಟ್ಟೆಯನ್ನು ಮಡಚದೆ ಬಿಸಿಲಿಗೆ ಹರವಿ, ಸ್ಪಾಂಜನ್ನು ಗಾಳಿಯಾಡುವ ಜಾಲರಿಯ ಮೇಲೆ ನಿಲ್ಲಿಸಿ. ನಾನು ಎರಡು ಬಟ್ಟೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸುತ್ತೇನೆ.

ನಿಮ್ಮ ಸ್ಪಾಂಜು ಎಷ್ಟು ಹಳೆಯದು ಅಂತ ಹೇಳಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ದಿನದಲ್ಲಿ ನಾತ ವಾಪಸ್ ಬಂದರೆ, ಅಥವಾ ಹಿಂಡಿದಾಗ ಲೋಳೆ ಅನಿಸಿದರೆ, ಸುಮ್ನೆ ಎಸೆದುಬಿಡಿ. ಹಸಿ ಮಾಂಸದ ನೀರು ಒರೆಸಿದ್ದರೆ ಅವತ್ತೇ ಎಸೆಯಿರಿ.