ಹೆಂಡತಿಯ ಹೋಂಸ್ಟೇ ಸಾಲಕ್ಕೆ ಕಂಪನಿ ಗೋದಾಮು ಅಡ ಇಡಬಹುದಾ?

ಪ್ರಶ್ನೆ: ನಾನು, ನನ್ನ ತಮ್ಮ ಇಬ್ಬರೇ ಡೈರೆಕ್ಟರ್. ಕುಶಾಲನಗರದಲ್ಲಿ ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಕಾಫಿ ಖರೀದಿ, ಗೋದಾಮು ಇದೆ. ನನ್ನ ಹೆಂಡತಿ, ಅವಳ ಅಕ್ಕ ಸೇರಿ ಪಾರ್ಟ್ನರ್‌ಶಿಪ್‌ನಲ್ಲಿ ಮಡಿಕೇರಿ ಹತ್ತಿರ ಹೋಂಸ್ಟೇ ಮಾಡುತ್ತಿದ್ದಾರೆ. ಅವರ 70 ಲಕ್ಷ ಸಾಲಕ್ಕೆ ಬ್ಯಾಂಕಿನವರು ಕಂಪನಿಯ ಗ್ಯಾರಂಟಿ, ಗೋದಾಮಿನ ಅಡಮಾನ ಎರಡೂ ಕೇಳುತ್ತಿದ್ದಾರೆ. ಬೋರ್ಡ್ ನಿರ್ಣಯ ಇದ್ದರೆ ಸಾಕಂತೆ. ಷೇರೆಲ್ಲ ಮನೆಯವರದ್ದೇ. ಸಹಿ ಹಾಕಬಹುದಾ?

ಉತ್ತರ: ಈಗಿರುವ ಸ್ಥಿತಿಯಲ್ಲಿ ಹಾಕಬೇಡಿ. ಕಾಫಿ ಕೊಯ್ಲು ಹತ್ತಿರ ಬಂತು ಅಂದರೆ ನನಗೆ ಇಂಥ ಪ್ರಶ್ನೆಗಳ ಸುಗ್ಗಿ. ಎಲ್ಲದರಲ್ಲೂ ಈ ‘ಬೋರ್ಡ್ ನಿರ್ಣಯ ಸಾಕಂತೆ’ ಇದ್ದೇ ಇರುತ್ತದೆ. ಬ್ಯಾಂಕಿನವರು ನೋಡುವುದು ತಮ್ಮ ಸಾಲಕ್ಕೆ ಭದ್ರತೆ ಇದೆಯಾ ಅಂತ. ಕಂಪನಿ ಆ ಭದ್ರತೆ ಕೊಡಬಹುದಾ ಅಂತ ನೋಡಿಕೊಳ್ಳಬೇಕಾದವರು ನೀವು.

2013ರ ಕಂಪನಿ ಕಾಯ್ದೆಯ 185ನೇ ಸೆಕ್ಷನ್ ಜನರನ್ನು ಎರಡು ಗುಂಪು ಮಾಡಿದೆ. ಮೊದಲ ಗುಂಪಿನಲ್ಲಿ ಡೈರೆಕ್ಟರ್, ಅವರ ಪಾಲುದಾರರು, ಹತ್ತಿರದ ಸಂಬಂಧಿಗಳು, ಮತ್ತೆ ಡೈರೆಕ್ಟರ್ ಅಥವಾ ಅವರ ಸಂಬಂಧಿ ಪಾಲುದಾರರಾಗಿರುವ ಫರ್ಮ್. ಇವರಿಗೆ ಕಂಪನಿ ಸಾಲ ಕೊಡುವಂತಿಲ್ಲ, ಇವರು ತೆಗೆದ ಸಾಲಕ್ಕೆ ಗ್ಯಾರಂಟಿ ನಿಲ್ಲುವಂತಿಲ್ಲ, ಆಸ್ತಿ ಅಡ ಇಡುವಂತಿಲ್ಲ. ಎರಡನೇ ಗುಂಪು ಡೈರೆಕ್ಟರ್‌ಗೆ ಆಸಕ್ತಿ ಇರುವ ಬೇರೆ ಕಂಪನಿಗಳದ್ದು. ಅವಕ್ಕೆ ಷೇರುದಾರರ ವಿಶೇಷ ನಿರ್ಣಯ ಪಾಸು ಮಾಡಿ ಕೊಡಬಹುದು. 2018ರ ಮೇ 7ರಿಂದ ಹೀಗಿದೆ.

ನಿಮ್ಮ ಮನೆಯವರ ಹೋಂಸ್ಟೇ ಕಂಪನಿಯಲ್ಲ, ಫರ್ಮ್. ಆದ್ದರಿಂದ ಮೊದಲ ಗುಂಪು. ಬೋರ್ಡ್ ಬಿಡಿ, ಷೇರುದಾರರೆಲ್ಲ ಸೇರಿ ಒಮ್ಮತದಿಂದ ನಿರ್ಣಯ ಮಾಡಿದರೂ ಅದರಿಂದ ದಾರಿ ಸಿಗುವುದಿಲ್ಲ. ‘ಸ್ಪೆಷಲ್ ರೆಸಲ್ಯೂಷನ್ ಹಾಕಿಬಿಡಿ, ಎಲ್ಲಾ ಸರಿಯಾಗುತ್ತೆ’ ಅಂತ ಹೇಳಿ ಫೀಸು ತೆಗೆದುಕೊಳ್ಳುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಅವರು ಸೆಕ್ಷನ್ನಿನ ಎರಡನೇ ಭಾಗ ಓದಿರುತ್ತಾರೆ, ಮೊದಲನೆಯದನ್ನು ಹಾರಿಸಿರುತ್ತಾರೆ.

ನಿಮಗೆ ಉಳಿದಿರುವುದು ಪ್ರೈವೇಟ್ ಕಂಪನಿಗಳಿಗೆ 2015ರ ಜೂನ್ 5ರ ಅಧಿಸೂಚನೆಯಲ್ಲಿ ಕೊಟ್ಟ ವಿನಾಯಿತಿ. ಅದು ಸಿಕ್ಕರೆ 185 ನಿಮಗೆ ಅನ್ವಯವೇ ಆಗುವುದಿಲ್ಲ. ಆದರೆ ಅದಕ್ಕೆ ಷರತ್ತುಗಳಿವೆ, ಒಂದು ತಪ್ಪಿದರೂ ವಿನಾಯಿತಿ ಇಲ್ಲ. ಅದಕ್ಕೇ ನಿಮ್ಮಿಂದ ಬ್ಯಾಲೆನ್ಸ್ ಶೀಟು, ಷೇರುದಾರರ ಪಟ್ಟಿ, ಬ್ಯಾಂಕಿನ ಮಂಜೂರಾತಿ ಪತ್ರ ತರಿಸಿಕೊಂಡೆ. ತರಿಸಿದ್ದು ಒಳ್ಳೆಯದಾಯಿತು.

ಷೇರುದಾರರ ಪಟ್ಟಿಯನ್ನೇ ನೋಡಿ. ‘ಷೇರೆಲ್ಲ ಮನೆಯವರದ್ದೇ’ ಅಂತ ಬರೆದಿದ್ದೀರಿ. ಪಟ್ಟಿಯ ಕೊನೇ ಸಾಲಿನಲ್ಲಿ ನಿಮ್ಮ ತಂದೆಯ ಕಾಲದ ಎಸ್ಟೇಟ್ ಕಂಪನಿಯ ಹೆಸರಿದೆ, ನೂರಕ್ಕೆ ಐದು ಷೇರು ಅದರದ್ದು. ಎಸ್ಟೇಟ್ ನಿಮ್ಮದೇ ಇರಬಹುದು. ಕಾನೂನಿನ ಕಣ್ಣಿಗೆ ಅದು ಇನ್ನೊಂದು ಕಂಪನಿ. ಬೇರೆ ಯಾವ ಕಂಪನಿಯೂ ನಿಮ್ಮ ಷೇರು ಬಂಡವಾಳದಲ್ಲಿ ದುಡ್ಡು ಹಾಕಿರಬಾರದು ಅನ್ನುವುದೇ ಮೊದಲ ಷರತ್ತು. ಎಷ್ಟು ಅಂತ ಅದು ಕೇಳುವುದಿಲ್ಲ. ಒಂದೇ ಒಂದು ಷೇರಿದ್ದರೂ ವಿನಾಯಿತಿ ಹೋಯಿತು. ಕೊಡಗಿನ ಕಂಪನಿಗಳಲ್ಲಿ ನಾನು ಜಾಸ್ತಿ ಕಾಣುವ ತೊಡಕೇ ಇದು. ಯಾವಾಗಲೋ ಎಸ್ಟೇಟ್ ಕಂಪನಿಯ ಖಾತೆಯಿಂದ ಚೆಕ್ಕು ಬರೆದು ಷೇರು ತೆಗೆದಿರುತ್ತಾರೆ, ಆಮೇಲೆ ಮರೆತಿರುತ್ತಾರೆ.

ಇನ್ನೊಂದು ಷರತ್ತು ಕಂಪನಿಯ ಸಾಲದ್ದು. ಬ್ಯಾಂಕು, ಹಣಕಾಸು ಸಂಸ್ಥೆ, ಬೇರೆ ಕಂಪನಿಗಳಿಂದ ತೆಗೆದ ಸಾಲವೆಲ್ಲ ಸೇರಿ ಪಾವತಿಯಾದ ಷೇರು ಬಂಡವಾಳದ ಎರಡರಷ್ಟು ಅಥವಾ 50 ಕೋಟಿ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದಕ್ಕಿಂತ ಕೆಳಗಿರಬೇಕು. ನಿಮ್ಮ ಬಂಡವಾಳ 40 ಲಕ್ಷ. ಅಂದರೆ ಸಾಲ 80 ಲಕ್ಷಕ್ಕಿಂತ ಕೆಳಗಿರಬೇಕು. ಸೆಪ್ಟೆಂಬರ್‌ನಲ್ಲಿ ಕ್ಯಾಷ್ ಕ್ರೆಡಿಟ್ ಖಾತೆಯಲ್ಲಿ 45 ಲಕ್ಷ ಬಾಕಿ ಇದೆ ಅಂತ ಖುಷಿಯಾಗಿ ಬರೆದಿದ್ದೀರಿ. ಸೆಪ್ಟೆಂಬರ್‌ನಲ್ಲಿ ಯಾರ ಖಾತೆಯಾದರೂ ಹಗುರವೇ. ಅದೇ ಖಾತೆ ರೊಬಸ್ಟಾ ಖರೀದಿಯ ಫೆಬ್ರವರಿಯಲ್ಲಿ 96 ಲಕ್ಷ ಮುಟ್ಟಿತ್ತು. ಮಂಜೂರಾಗಿರುವ ಮಿತಿಯೇ 1 ಕೋಟಿ. ಗ್ಯಾರಂಟಿ ಕೊಡುವ ದಿನದ ಬಾಕಿ ನೋಡಿದರೆ ಸಾಕು ಅಂತ ವಾದ ಮಾಡಬಹುದು, ನನ್ನ ಜೊತೆಯವರು ಕೆಲವರು ಮಾಡುತ್ತಾರೆ ಕೂಡ. ನಾನು ಹೆದರುವ ಜಾತಿ. ಮಂಜೂರಾದ ಮಿತಿಯನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಗ್ಯಾರಂಟಿ ಒಂದು ದಿನಕ್ಕೆ ಮುಗಿಯುವ ವ್ಯವಹಾರವಲ್ಲ, ಹೋಂಸ್ಟೇ ಸಾಲ ತೀರುವವರೆಗೂ ಕಂಪನಿಯ ಕೊರಳಲ್ಲಿರುತ್ತದೆ.

ಮಿಕ್ಕ ಎರಡು ಷರತ್ತುಗಳಲ್ಲಿ ನೀವು ಪಾಸು. ಸಾಲದ ಕಂತು ಬಾಕಿ ಬಿದ್ದಿಲ್ಲ. ವಾರ್ಷಿಕ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಎರಡೂ ಫೈಲ್ ಆಗಿವೆ. ಈ ಫೈಲಿಂಗ್ ಷರತ್ತು ಸೇರಿದ್ದು 2017ರ ಜೂನ್‌ನಲ್ಲಿ.

ಸರಿಪಡಿಸಲು ಆಗುತ್ತದೆ, ಆದರೆ ಎಲ್ಲವೂ ಗ್ಯಾರಂಟಿಗೆ ಮೊದಲೇ ಆಗಬೇಕು. ಎಸ್ಟೇಟ್ ಕಂಪನಿಯ ಷೇರನ್ನು ನೀವೋ ನಿಮ್ಮ ತಮ್ಮನೋ ಕೊಂಡುಕೊಳ್ಳಿ. ಸರಿಯಾದ ಬೆಲೆ, ಬ್ಯಾಂಕ್ ಮೂಲಕ ಹಣ, ವರ್ಗಾವಣೆ ಪತ್ರ, ಸ್ಟ್ಯಾಂಪ್ ಡ್ಯೂಟಿ, ಯಾವುದನ್ನೂ ಬಿಡಬೇಡಿ. ಇನ್ನು ನೀವಿಬ್ಬರು ಕಂಪನಿಗೆ ಹಾಕಿರುವ 15 ಲಕ್ಷ ಕೈಸಾಲ ಬ್ಯಾಲೆನ್ಸ್ ಶೀಟಿನಲ್ಲಿ ಸುಮ್ನೆ ಕೂತಿದೆ. ಅದು 80 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ವ್ಯಕ್ತಿಗಳಿಂದ ಪಡೆದ ಸಾಲವನ್ನು ಅಧಿಸೂಚನೆ ಎಣಿಸುವುದಿಲ್ಲ. ಅದನ್ನು ಷೇರಾಗಿ ಬದಲಿಸಿದರೆ ಬಂಡವಾಳ 55 ಲಕ್ಷವಾಗುತ್ತದೆ, ಮಿತಿ 1 ಕೋಟಿ 10 ಲಕ್ಷಕ್ಕೆ ಏರುತ್ತದೆ. ಆಗ 1 ಕೋಟಿಯ ಕ್ಯಾಷ್ ಕ್ರೆಡಿಟ್ ಫೆಬ್ರವರಿಯಲ್ಲೂ ಒಳಗೇ ಇರುತ್ತದೆ. ಮುಂದೆ ಮಿತಿ ಹೆಚ್ಚಿಸಲು ಹೋದರೆ ಮೊದಲು ಈ ಲೆಕ್ಕ ನೆನಪಿಸಿಕೊಳ್ಳಿ.

185 ದಾಟಿದ ಮೇಲೆ, ಕಂಪನಿ ಕೊಡುವ ಸಾಲ, ಗ್ಯಾರಂಟಿಗೆ ಮಿತಿ ಹಾಕುವ 186 ಇದೆ. ಅದಕ್ಕೆ ಈ ವಿನಾಯಿತಿ ಇಲ್ಲ. ಬಂಡವಾಳ, ಮುಕ್ತ ಮೀಸಲು, ಷೇರು ಪ್ರೀಮಿಯಂ ಸೇರಿಸಿ ಅದರ ಶೇ 60, ಇಲ್ಲವೇ ಮೀಸಲು ಮತ್ತು ಪ್ರೀಮಿಯಂನ ಪೂರ್ತಿ ಮೊತ್ತ, ಯಾವುದು ಜಾಸ್ತಿಯೋ ಅಷ್ಟರವರೆಗೆ ಬೋರ್ಡ್ ನಿರ್ಣಯ ಸಾಕು. ನಿಮಗೆ ಪ್ರೀಮಿಯಂ ಇಲ್ಲ, ಮೀಸಲು 75 ಲಕ್ಷ. ಹೊಸ ಬಂಡವಾಳ ಸೇರಿ 1 ಕೋಟಿ 30 ಲಕ್ಷ, ಅದರ ಶೇ 60 ಅಂದರೆ 78 ಲಕ್ಷ. ನಿಮ್ಮ 70 ಲಕ್ಷ ಒಳಗಾಯಿತು. ಈಗಿನ 40 ಲಕ್ಷ ಬಂಡವಾಳದಲ್ಲೇ ಹೋಗಿದ್ದರೆ ಮಿತಿ 75 ಲಕ್ಷ, ಅದೂ ಸಾಲುತ್ತಿತ್ತು. ಮೀಟಿಂಗ್‌ಗೆ ಬಂದ ಡೈರೆಕ್ಟರುಗಳೆಲ್ಲ ಒಪ್ಪಬೇಕು, ನಿಮ್ಮ ಆಸಕ್ತಿಯನ್ನು ಹೇಳಿ ದಾಖಲಿಸಬೇಕು, ಸಾಲ, ಗ್ಯಾರಂಟಿಗಳನ್ನು ದಾಖಲಿಸುವ ಎಂಬಿಪಿ-2 ರಿಜಿಸ್ಟರಿನಲ್ಲಿ ಬರೆಯಬೇಕು. ಗೋದಾಮು ಅಡ ಇಟ್ಟ 30 ದಿನದೊಳಗೆ ಅಡಮಾನ ನೋಂದಣಿಯ ಸಿಎಚ್‌ಜಿ-1 ಫಾರಂ ಹಾಕಬೇಕು. ಗೋದಾಮಿನ ಮೇಲೆ ಕ್ಯಾಷ್ ಕ್ರೆಡಿಟ್ ಕೊಟ್ಟ ಬ್ಯಾಂಕಿನ ಹಕ್ಕು ಮೊದಲೇ ಇದ್ದರೆ ಅವರ ಒಪ್ಪಿಗೆ ಪತ್ರ ಬೇಕು.

ಇಷ್ಟೆಲ್ಲ ಯಾಕೆ, ಹೋಂಸ್ಟೇಯನ್ನೇ ಪ್ರೈವೇಟ್ ಕಂಪನಿ ಮಾಡಿದರೆ ಆಗಲ್ವಾ ಅಂತ ನೀವು ಮುಂದೆ ಕೇಳುತ್ತೀರಿ. ಆಗುತ್ತದೆ. ನೀವು ಅಲ್ಲಿ ಡೈರೆಕ್ಟರ್ ಅಥವಾ ಸದಸ್ಯರಾಗಿದ್ದರೆ ಎರಡನೇ ಗುಂಪಿಗೆ ಬರುತ್ತೀರಿ. ಆಗ ವಿಶೇಷ ನಿರ್ಣಯ ಬೇಕು: ಪರವಾದ ಮತ ವಿರುದ್ಧದ ಮತದ ಮೂರು ಪಟ್ಟಾದರೂ ಇರಬೇಕು, ಸಾಲದ ವಿವರ ಮತ್ತು ಉದ್ದೇಶವನ್ನು ನೋಟಿಸಿನಲ್ಲಿ ಹೇಳಬೇಕು, 30 ದಿನದಲ್ಲಿ ಆ ನಿರ್ಣಯದ ಎಂಜಿಟಿ-14 ಫಾರಂ ಫೈಲ್ ಆಗಬೇಕು, ದುಡ್ಡು ಹೋಂಸ್ಟೇ ವ್ಯವಹಾರಕ್ಕೇ ಹೋಗಬೇಕು, ಮಗನ ಕಾರಿಗಲ್ಲ. ‘ನನ್ನ ಹೆಸರು ಎಲ್ಲೂ ಹಾಕಲ್ಲ, ಹೆಂಡತಿ ಹೆಸರಲ್ಲೇ ಕಂಪನಿ’ ಅನ್ನುವವರಿಗೆ ಒಂದು ಮಾತು. ಆ ಕಂಪನಿಯ ಬೋರ್ಡ್ ನಿಮ್ಮ ಮಾತಿನಂತೆ ನಡೆಯುವುದು ರೂಢಿಯಾಗಿದ್ದರೆ ಅದೂ ಇದೇ ಗುಂಪು. ನಿಮ್ಮ ಫೋನ್ ಬರದೆ ಅಲ್ಲಿ ಬಲ್ಬು ಬದಲಾಯಿಸಲ್ಲ ಅಂದರೆ ಕದ್ದುಮುಚ್ಚಿ ಏನೂ ಪ್ರಯೋಜನವಿಲ್ಲ.

ತಪ್ಪಿದರೆ ಕಂಪನಿಗೆ 5 ಲಕ್ಷದಿಂದ 25 ಲಕ್ಷದವರೆಗೆ ದಂಡ. ತಪ್ಪಿತಸ್ಥ ಅಧಿಕಾರಿಗೆ ಅಷ್ಟೇ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಸಾಲದ ಲಾಭ ಪಡೆದವರಿಗೂ ಶಿಕ್ಷೆ ಇದೆ, ಅವರಿಗೆ ಎರಡೂ ಒಟ್ಟಿಗೆ ಆಗಬಹುದು. ಇಲ್ಲಿ ಲಾಭ ಪಡೆಯುವವರು ಯಾರು ಅಂತ ನಿಮ್ಮ ಹೆಂಡತಿಗೆ, ಅವರ ಅಕ್ಕನಿಗೆ ಸಹಿಗೆ ಮೊದಲೇ ಹೇಳಿಬಿಡಿ. ಮುಚ್ಚಿಡಲೂ ಆಗುವುದಿಲ್ಲ.  ಗೋದಾಮಿನ ಅಡಮಾನ ಸಿಎಚ್‌ಜಿ-1ರಲ್ಲಿ ದಾಖಲಾಗಿರುತ್ತದೆ.

ಪ್ರಶ್ನೆ: ಕಂಪನಿ ದುಡ್ಡು ಎರಡು ತಿಂಗಳಿಗೆ ತಗೊಂಡು ಮಾರ್ಚ್ 31ಕ್ಕೆ ಮೊದಲೇ ವಾಪಸ್ ಹಾಕಿದೆ. ಅದು ಸಾಲ ಅಲ್ಲ ಅಲ್ವಾ?

ಉತ್ತರ: ಸಾಲವೇ. ವಿನಾಯಿತಿ ಇಲ್ಲದ ಕಂಪನಿಯಾದರೆ ತಪ್ಪು ನಡೆದದ್ದು ತೆಗೆದುಕೊಂಡ ದಿನ, ಬ್ಯಾಲೆನ್ಸ್ ಶೀಟಿನ ದಿನವಲ್ಲ. ವಿನಾಯಿತಿ ಇದ್ದರೂ, ನಿಮ್ಮ ಹತ್ತಿರ ಶೇ 10 ಅಥವಾ ಜಾಸ್ತಿ ಷೇರಿದ್ದು ಕಂಪನಿಯಲ್ಲಿ ಲಾಭ ಕೂಡಿದ್ದರೆ ಆದಾಯ ತೆರಿಗೆಯವರು ಆ ಸಾಲವನ್ನು ಡಿವಿಡೆಂಡ್ ಅಂತ ತೆರಿಗೆಗೆ ಹಿಡಿಯಬಹುದು. ವಾಪಸ್ ಹಾಕಿದೆ ಅನ್ನುವುದು ಅಲ್ಲೂ ನಡೆಯುವುದಿಲ್ಲ.

ಪ್ರಶ್ನೆ: ನಾನೇ ನನ್ನ ಕಂಪನಿಗೆ ಸಾಲ ಕೊಟ್ಟಿದ್ದೇನೆ. 185 ಬರುತ್ತಾ?

ಉತ್ತರ: ಇಲ್ಲ, ಅದು ಉಲ್ಟಾ ದಿಕ್ಕು. ಬೇರೆಯವರಿಂದ ಸಾಲ ತಂದು ಕೊಟ್ಟ ದುಡ್ಡಲ್ಲ ಅಂತ ಕಂಪನಿಗೆ ಬರೆದುಕೊಡಿ.

ಪ್ರಶ್ನೆ: ಚಿಕ್ಕಪ್ಪನ ಮಗನಿಗೆ ಕಂಪನಿ ಸಾಲ ಕೊಡಬಹುದಾ? ಒಂದೇ ಒಕ್ಕದವರು.

ಉತ್ತರ: ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಸೊಸೆ, ಅಳಿಯ, ಅಣ್ಣತಮ್ಮ, ಅಕ್ಕತಂಗಿ. ಪಟ್ಟಿ ಇಷ್ಟೇ, ಚಿಕ್ಕಪ್ಪನ ಮಗ ಇದರಲ್ಲಿಲ್ಲ. ಆದರೆ ಇಬ್ಬರೂ ಒಂದೇ ಅವಿಭಕ್ತ ಹಿಂದೂ ಕುಟುಂಬದ ಸದಸ್ಯರಾಗಿದ್ದರೆ ಅವರೂ ಸಂಬಂಧಿಯೇ. ಆಸ್ತಿ ಕಾಗದ, ತೆರಿಗೆ ರಿಟರ್ನ್ ತೋರಿಸದೆ ಇದಕ್ಕೆ ನಾನು ಫೋನಿನಲ್ಲಿ ಉತ್ತರ ಹೇಳುವುದಿಲ್ಲ.

ಪ್ರಶ್ನೆ: ಡೈರೆಕ್ಟರ್‌ಗೆ ಕೊಟ್ಟ ಸಾಲವನ್ನು ಅವರ ತೋಟಕ್ಕೆ ‘ಕಾಫಿ ಅಡ್ವಾನ್ಸ್’ ಅಂತ ಬರೆದರೆ ಆಗುತ್ತೆ ಅಂತ ಕನ್ಸಲ್ಟೆಂಟ್ ಹೇಳಿದರು.

ಉತ್ತರ: ನಿಜವಾದ ಅಡ್ವಾನ್ಸ್ ಸಾಲವಲ್ಲ, ಅದು ಸರಿ. ಬೇರೆ ಬೆಳೆಗಾರರಿಗೆ ಕೊಡುವಷ್ಟೇ ಕೊಟ್ಟಿರಬೇಕು, ಅದೇ ಸೀಸನ್ನಿನಲ್ಲಿ ಚೀಲ ಗೋದಾಮಿಗೆ ಬಂದಿರಬೇಕು, ಆ ದಿನದ ದರದಲ್ಲಿ ಬಿಲ್ಲಿಗೆ ವಜಾ ಆಗಿರಬೇಕು. ಮೂರು ಸೀಸನ್ ಕಳೆದರೂ ಖಾತೆಯಲ್ಲಿ ಹಾಗೇ ನಿಂತಿರುವ ‘ಅಡ್ವಾನ್ಸ್’ ತೋರಿಸಿದರೆ ಆಡಿಟರ್ ಮೊದಲು ಕೇಳುವುದು ತೂಕದ ಚೀಟಿ. ಅದನ್ನು ನಿಮ್ಮ ಕನ್ಸಲ್ಟೆಂಟ್ ಬರೆದುಕೊಡುತ್ತಾರಾ, ಕೇಳಿ ನೋಡಿ.