ಗೃಹಸಾಲದ ಕಂತು ಮತ್ತು ಮರುಪಾವತಿ ಪಟ್ಟಿಯ ಮೊದಲ ಸಾಲುಗಳು

ಪ್ರಶ್ನೆ: 30 ಲಕ್ಷ ಗೃಹಸಾಲ, 8.4% ಬಡ್ಡಿ, 20 ವರ್ಷ. ನಾನು ಲೆಕ್ಕ ಹಾಕಿದ್ರೆ ತಿಂಗಳ ಕಂತು 33,500 ಬರ್ತಿದೆ, ಬ್ಯಾಂಕಿನವರು 25,845 ಅಂತಾರೆ. ಯಾವುದು ಸರಿ? ತಿಂಗಳು ತಿಂಗಳು ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಹೋಗುತ್ತೆ ಅನ್ನೋ ಪಟ್ಟಿ ನಾನೇ ಮಾಡ್ಕೊಳ್ಳೋದು ಹೇಗೆ?

ಉತ್ತರ: ಬ್ಯಾಂಕಿನವರದ್ದೇ ಸರಿ. ನಿಮ್ಮ 33,500 ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ: 30 ಲಕ್ಷಕ್ಕೆ ವರ್ಷಕ್ಕೆ 2,52,000 ಬಡ್ಡಿ, 20 ವರ್ಷಕ್ಕೆ 50.4 ಲಕ್ಷ, ಅದಕ್ಕೆ ಅಸಲು ಸೇರಿಸಿ 240ರಿಂದ ಭಾಗಿಸಿದ್ದೀರಿ. ಹಾಗೆ ಮಾಡಿದರೆ ಇಪ್ಪತ್ತೂ ವರ್ಷ ಪೂರ್ತಿ 30 ಲಕ್ಷ ನಿಮ್ಮ ಕೈಯಲ್ಲೇ ಇತ್ತು ಎಂದಾಗುತ್ತದೆ. ಆದರೆ ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ತೀರುತ್ತದೆ, ಮುಂದಿನ ತಿಂಗಳ ಬಡ್ಡಿ ಉಳಿದ ಬಾಕಿಗೆ ಮಾತ್ರ ಬೀಳುತ್ತದೆ.

ಎಲ್ಲರೂ ಸೂತ್ರದಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಪಟ್ಟಿಯ ಮೊದಲ ಸಾಲಿನಿಂದ ಶುರು ಮಾಡಿದರೆ ಸೂತ್ರ ತಾನಾಗಿಯೇ ಅರ್ಥವಾಗುತ್ತದೆ.

ವರ್ಷಕ್ಕೆ 8.4% ಅಂದರೆ ತಿಂಗಳಿಗೆ 8.4 ÷ 12 = 0.7%, ಅಂದರೆ 0.007. ಮೊದಲ ತಿಂಗಳ ಬಡ್ಡಿ 30,00,000 × 0.007 = 21,000. ಕಂತು ಎಷ್ಟೇ ಇರಲಿ, ಮೊದಲ ತಿಂಗಳು ಇಷ್ಟು ಬಡ್ಡಿಗೆ ಹೋಗಲೇಬೇಕು. ಸರಿಯಾಗಿ 21,000 ಕಟ್ಟುತ್ತಾ ಹೋದರೆ ಸಾಲ ಎಂದಿಗೂ ಒಂದು ರೂಪಾಯಿ ಇಳಿಯುವುದಿಲ್ಲ. ಹಾಗಾಗಿ ಹುಡುಕಬೇಕಾದದ್ದು ಒಂದೇ: 21,000ದ ಮೇಲೆ ಎಷ್ಟು ಕಟ್ಟಿದರೆ 240 ತಿಂಗಳಲ್ಲಿ ಬಾಕಿ ಸೊನ್ನೆಯಾಗುತ್ತದೆ?

ಆ ಮೇಲಿನ ಹಣವೇ ಮೊದಲ ತಿಂಗಳ ಅಸಲು. ಅದರ ಗುಣ ಹೀಗೆ: ಈ ತಿಂಗಳು 100 ರೂಪಾಯಿ ಅಸಲು ತೀರಿದರೆ ಮುಂದಿನ ತಿಂಗಳ ಬಡ್ಡಿ 70 ಪೈಸೆ ಕಡಿಮೆಯಾಗುತ್ತದೆ. ಕಂತು ಬದಲಾಗದ ಕಾರಣ ಆ 70 ಪೈಸೆಯೂ ಅಸಲಿಗೇ ಸೇರುತ್ತದೆ. ಅಂದರೆ ಅಸಲಿನ ಭಾಗ ಪ್ರತಿ ತಿಂಗಳು 1.007 ಪಟ್ಟು ಬೆಳೆಯುತ್ತದೆ. ಹೀಗೆ ಬೆಳೆಯುವ 240 ಅಸಲುಗಳ ಮೊತ್ತ 30 ಲಕ್ಷ ಆಗಬೇಕು. ಅದನ್ನು ಬಿಡಿಸಿದರೆ ಸಿಗುವುದು:

```
x = 1.007^240
ಮೊದಲ ಅಸಲು = 21000 / (x - 1)
ಕಂತು = 21000 + 21000 / (x - 1)
```

ಪುಸ್ತಕಗಳಲ್ಲಿ ಬರುವ `P*r*(1+r)^n / ((1+r)^n - 1)` ಕೂಡ ಇದೇ, ಬರೆದ ರೀತಿ ಮಾತ್ರ ಬೇರೆ: P ಅಂದರೆ ಸಾಲದ ಅಸಲು, r ಅಂದರೆ ತಿಂಗಳ ಬಡ್ಡಿದರ, n ಅಂದರೆ ಒಟ್ಟು ತಿಂಗಳು.

ಘಾತದ ಗುಂಡಿ ಇಲ್ಲದ ಕ್ಯಾಲ್ಕುಲೇಟರ್ ಆದರೂ ಪರವಾಗಿಲ್ಲ. 240 = 15 × 16. ಹಾಗಾಗಿ 1.007ರ 15ನೇ ಘಾತ ತೆಗೆದು, ಬಂದದ್ದನ್ನು ನಾಲ್ಕು ಸಲ ವರ್ಗ ಮಾಡಿ: 1.1103, 1.2328, 1.5197, 2.3096, 5.3342. ಇಲ್ಲಿ ನಾಲ್ಕೇ ದಶಾಂಶ ತೋರಿಸಿದ್ದೇನೆ, ನೀವು ಮಧ್ಯದಲ್ಲಿ ಎಲ್ಲೂ ಅಂಕಿ ಕತ್ತರಿಸಬೇಡಿ. ಕೊನೆಗೆ x = 5.334245. 21,000 ÷ 4.334245 = 4,845.13. ಕಂತು 25,845.13, ರೂಪಾಯಿಗೆ ಸರಿಮಾಡಿದರೆ 25,845. x ಅನ್ನು 5.33 ಎಂದು ಮೊಟಕು ಮಾಡಿದ್ದರೆ ಕಂತು 25,849.88 ಬರುತ್ತಿತ್ತು. "ನನ್ನದು ನಾಲ್ಕೈದು ರೂಪಾಯಿ ಹೆಚ್ಚುಕಮ್ಮಿ ಬರ್ತಿದೆ" ಅನ್ನುವವರಲ್ಲಿ ಹೆಚ್ಚಿನವರ ಎಡವಟ್ಟು ಇದೇ.

ಇನ್ನು ಪಟ್ಟಿ. ಪ್ರತಿ ಸಾಲಿಗೂ ಮೂರೇ ಕೆಲಸ: ಬಾಕಿಯನ್ನು 0.007ರಿಂದ ಗುಣಿಸಿದರೆ ಬಡ್ಡಿ, ಕಂತಿನಿಂದ ಬಡ್ಡಿ ಕಳೆದರೆ ಅಸಲು, ಬಾಕಿಯಿಂದ ಅಸಲು ಕಳೆದರೆ ಹೊಸ ಬಾಕಿ.

| ತಿಂಗಳು | ಆರಂಭದ ಬಾಕಿ | ಬಡ್ಡಿ | ಅಸಲು | ಉಳಿದ ಬಾಕಿ |
|---|---|---|---|---|
| 1 | 30,00,000.00 | 21,000.00 | 4,845.00 | 29,95,155.00 |
| 2 | 29,95,155.00 | 20,966.09 | 4,878.91 | 29,90,276.09 |
| 3 | 29,90,276.09 | 20,931.93 | 4,913.07 | 29,85,363.02 |

ಸರಿಯಿದೆಯೇ ಎಂದು ನೋಡಲು ಅಸಲಿನ ಕಾಲಂ ಸಾಕು. 4,845 × 1.007 = 4,878.915, ಅದನ್ನು ಮತ್ತೆ 1.007ರಿಂದ ಗುಣಿಸಿದರೆ 4,913.07. ಒಂದೆರಡು ಪೈಸೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸಾಲಿನಲ್ಲಿ ತಪ್ಪಿದೆ ಎಂದೇ ಅರ್ಥ.

ಉಳಿದ 237 ಸಾಲುಗಳನ್ನು ಕೈಯಲ್ಲಿ ಬರೆಯುವ ಹಟ ಬೇಡ. ಎಕ್ಸೆಲ್‌ನಲ್ಲಿ ಹೀಗೆ:

```
B1: 3000000
B2: 8.4%
B3: 240
B4: =ROUND(PMT(B2/12,B3,-B1),0)

A7: 1
B7: =B1
C7: =ROUND(B7*$B$2/12,2)
D7: =$B$4-C7
E7: =B7-D7
A8: =A7+1
B8: =E7
```

C7ರಿಂದ E7ರವರೆಗಿನದನ್ನು 8ನೇ ಸಾಲಿಗೆ ನಕಲಿಸಿ, ಆಮೇಲೆ 8ನೇ ಸಾಲನ್ನು ಪೂರ್ತಿಯಾಗಿ 246ರವರೆಗೆ ಎಳೆಯಿರಿ. `$` ಚಿಹ್ನೆ ಮರೆತರೆ 8ನೇ ಸಾಲಿನ ಸೂತ್ರ B2ರ ಬದಲು B3 ಹಿಡಿದುಕೊಳ್ಳುತ್ತದೆ, ಎರಡನೇ ತಿಂಗಳ ಬಡ್ಡಿ 5.99 ಕೋಟಿ ಎಂದು ತೋರಿಸುತ್ತದೆ! 8.4ರ ಮುಂದೆ ಶೇಕಡಾ ಚಿಹ್ನೆ ಬಿಟ್ಟರೆ ಮೊದಲ ತಿಂಗಳೇ 21 ಲಕ್ಷ ಬಡ್ಡಿ. ಇಂಥ ತಪ್ಪುಗಳು ಕಣ್ಣಿಗೆ ಹೊಡೆಯುತ್ತವೆ, ಹಾಗಾಗಿ ಅಪಾಯವಿಲ್ಲ. ಮೆಲ್ಲಗೆ ಕೈಕೊಡುವುದು `ROUND` ಬಿಟ್ಟಾಗ: ಪರದೆಯ ಮೇಲೆ ಎರಡೇ ದಶಾಂಶ ಕಂಡರೂ ಒಳಗೆ ಪೂರ್ತಿ ಅಂಕಿಯೇ ಕೂತಿರುತ್ತದೆ, ಆಗ ಕಾಣುವ ಅಂಕಿಗಳನ್ನು ಕೂಡಿಸಿದರೆ ಪೈಸೆಗಳು ತಾಳೆಯಾಗುವುದಿಲ್ಲ.

ಎರಡು ಕಡೆ ನಿಂತು ನೋಡಿ. 120ನೇ ಕಂತಿನ ನಂತರ ಬಾಕಿ ಸುಮಾರು 20.94 ಲಕ್ಷ ಇರಬೇಕು. ಅರ್ಧ ಅವಧಿ ಮುಗಿದರೂ ಮೂರನೇ ಒಂದು ಭಾಗದಷ್ಟೂ ಅಸಲು ತೀರಿರುವುದಿಲ್ಲ. ಅಸಲಿನ ಭಾಗ ಬಡ್ಡಿಯನ್ನು ದಾಟುವುದು 142ನೇ ಕಂತಿನಲ್ಲಿ. ಇವೆರಡೂ ಹೊಂದಿದರೆ ನಿಮ್ಮ ಪಟ್ಟಿ ಸರಿ.

240ನೇ ಸಾಲಿನ ಕೊನೆಗೆ ಸೊನ್ನೆಯ ಬದಲು 83–84 ರೂಪಾಯಿ ಬಾಕಿ ಕಾಣುತ್ತದೆ. ಅದು ತಪ್ಪಲ್ಲ. ಪ್ರತಿ ತಿಂಗಳು ಬಿಟ್ಟ 13 ಪೈಸೆ ಚಿಲ್ಲರೆ, ಅದರ ಬಡ್ಡಿಯೊಂದಿಗೆ ಅಷ್ಟಾಗಿದೆ. ಅದನ್ನು ಕೊನೆಯ ಕಂತಿಗೇ ಸೇರಿಸಿಬಿಡಿ. ಕಂತನ್ನು 25,846ಕ್ಕೆ ಏರಿಸಿದರೆ ಇದಕ್ಕೆ ತದ್ವಿರುದ್ಧ, ಕೊನೆಯ ಕಂತು ಸುಮಾರು 25,310 ಸಾಕಾಗುತ್ತದೆ.

ಇಷ್ಟಾದ ಮೇಲೂ ಬ್ಯಾಂಕ್ ಕೊಟ್ಟ ಪಟ್ಟಿಯ ಮೊದಲ ಸಾಲಿನಲ್ಲಿ 21,000ದ ಬದಲು 21,402.74 ಬಡ್ಡಿ ಇದ್ದರೆ ಗಾಬರಿಯಾಗಬೇಡಿ. ಅದು ದಿನದ ಲೆಕ್ಕ: 2,52,000 × 31 ÷ 365. 30 ದಿನದ ತಿಂಗಳಿಗೆ 20,712.33 ಬರುತ್ತದೆ. ಸಾಲದ ಹಣ ತಿಂಗಳ ನಡುವೆ ಕೈಸೇರಿದರೂ ಮೊದಲ ಬಡ್ಡಿ ದಿನದ ಮೇಲೆಯೇ ಬೀಳಬಹುದು. ಯಾವ ಲೆಕ್ಕ ಅನ್ನುವುದು ಸಾಲದ ಕರಾರುಪತ್ರದಲ್ಲಿ ಇರುತ್ತದೆ. ದಿನದ ಲೆಕ್ಕವಾದರೆ 1.007ರ ಪರೀಕ್ಷೆ ಸಾಲು ಸಾಲಿಗೆ ಹೊಂದುವುದಿಲ್ಲ, ಆದರೆ ಬಡ್ಡಿ ಮತ್ತು ಅಸಲು ಕೂಡಿಸಿದರೆ ಕಂತು ಬರಲೇಬೇಕು.

ನಡುವೆ ಬಡ್ಡಿದರ ಬದಲಾಗಿ ಅವಧಿ ಅಷ್ಟೇ ಉಳಿದರೆ ಹಳೆಯ 30 ಲಕ್ಷವನ್ನು ಮರೆತುಬಿಡಿ. ಮೂರು ಕಂತಿನ ನಂತರ ಬದಲಾಯಿತು ಎಂದಿಟ್ಟುಕೊಳ್ಳಿ: ಅಸಲು 29,85,363.02, ತಿಂಗಳು 237, ಹೊಸ ದರ. ಇದೇ ಸೂತ್ರದಲ್ಲಿ ಹಾಕಿದರೆ ನಾಲ್ಕನೇ ಸಾಲಿನಿಂದ ಹೊಸ ಕಂತು ಸಿಗುತ್ತದೆ.